ಸುವರ್ಣಗಡ್ಡೆ ಮತ್ತು ಗಂಟಲ ಕೆರೆತ

ಸಂಪಾದಕರಿಗೆ ನಮಸ್ಕಾರ. ಸಂತ್ಯಾಗಿಂದ ಅರ್ಧ ಕಿಲೋ ಸುವರ್ಣಗಡ್ಡಿ ತಂದು, ಹೋಳು ಮಾಡಿ, ಉಪ್ಪು ಖಾರ ಹಚ್ಚಿ ಹಂಚಿನ ಮ್ಯಾಲೆ ಎಣ್ಣಿ ಬಿಟ್ಟು ಹುರದ್ವಿ. ತಿಂದವರಿಗೆಲ್ಲ ಗಂಟಲಾ ಕೆರೀತು. ಇದು ವಿಷದ ಗಡ್ಡಿ ಏನ್ರಿ? ತಿನ್ನಬಹುದೋ, ಬಿಡಬೇಕೋ?
– ಓದುಗರೊಬ್ಬರು, ಜಮಖಂಡಿ

ಧಾರಾಳವಾಗಿ ತಿನ್ನಬಹುದು, ಆದರೆ ಹಸಿಯಾಗಿ ಅಥವಾ ಅರೆಬೆಂದದ್ದನ್ನು ಅಲ್ಲ. ಈ ಗಡ್ಡೆಯ ತಿರುಳಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣವು ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳಾಗಿ, ಕಟ್ಟುಕಟ್ಟಾಗಿ ಕೂತಿರುತ್ತದೆ. ಅಗಿದಾಗ ಆ ಸೂಜಿಗಳು ನಾಲಿಗೆಗೆ, ಗಂಟಲಿನ ಒಳಪದರಕ್ಕೆ ಚುಚ್ಚುತ್ತವೆ. ಕೆರೆತ ಅದರದ್ದೇ. ಹೆಚ್ಚುವಾಗ ಕೈ ತುರಿಸುವುದೂ ಇದರಿಂದಲೇ.

ನಿಮ್ಮ ಹೋಳುಗಳು ಹಂಚಿನ ಮೇಲೆ ಹೊರಗೆ ಕೆಂಪಾಗಿವೆ, ನಡುವೆ ಹಸಿ ಉಳಿದಿವೆ. ಬೆರಳು ದಪ್ಪದ ಹೋಳು ಒಳತನಕ ಬೇಯುವ ಮೊದಲೇ ಮೇಲ್ಮೈ ಸೀಯುತ್ತದೆ. ಆದ್ದರಿಂದ ಮೊದಲು ಕುದಿಸಿ, ಆಮೇಲೆ ಹುರಿಯಬೇಕು.

ಅರ್ಧ ಕಿಲೋ ಗಡ್ಡೆಗೆ ಹೀಗೆ ಮಾಡಿ. ಅಂಗೈಗೆ ಎಣ್ಣೆ ಸವರಿಕೊಂಡು, ಸಿಪ್ಪೆಯನ್ನು ತಿರುಳು ಸ್ವಲ್ಪ ಹೋದರೂ ಪರವಾಗಿಲ್ಲ ಎಂದು ದಪ್ಪಗೆ ತೆಗೆಯಿರಿ. ಅರ್ಧ ಬೆರಳು ದಪ್ಪಕ್ಕೆ ಹೆಚ್ಚಿ, ಮುಳುಗಿ ಮೇಲೆ ನಿಲ್ಲುವಷ್ಟು ನೀರಿಗೆ ಉಪ್ಪು, ಅರಿಸಿನ ಹಾಕಿ ಕುದಿಸಿ. ಚಾಕು ತಡೆಯಿಲ್ಲದೆ ಇಳಿಯುವ ತನಕ, ಸುಮಾರು 15–20 ನಿಮಿಷ ಬೇಯಲಿ. ಆ ನೀರನ್ನು ಚೆಲ್ಲಿಬಿಡಿ, ಸಾರಿಗೆ ಬಳಸಬೇಡಿ. ನಂತರ ನಿಂಬೆಗಾತ್ರದ ಹುಣಸೆಯ ರಸದಲ್ಲಿ ಇನ್ನೂ ಎಂಟು-ಹತ್ತು ನಿಮಿಷ ಕುದಿಸಿ, ಬಸಿದು, ಆರಿದ ಮೇಲೆ ಖಾರ ಹಚ್ಚಿ ಹುರಿಯಿರಿ.

ಅನೇಕರು ಹುಣಸೆಯನ್ನು ಮೊದಲೇ ಹಾಕುತ್ತಾರೆ. ಹುಳಿ ಬಿದ್ದರೆ ಗಡ್ಡೆ ಬೇಗ ಮೆತ್ತಗಾಗುವುದಿಲ್ಲ, ಹೊತ್ತು ನೋಡಿ ಇಳಿಸಿದರೆ ಒಳಗೆ ಗಟ್ಟಿಯೇ ಇರುತ್ತದೆ. ಹುಳಿಯಿಂದ ಕೆರೆತ ತಗ್ಗುತ್ತದೆ ನಿಜ, ಆದರೆ ಬೇಯದ ಗಡ್ಡೆಯನ್ನು ಹುಳಿಯೊಂದೇ ಸರಿಮಾಡಲಾರದು.

ಹುರಿಯುವ ಮೊದಲು ಹೋಳಿನ ನಡುಭಾಗದ ಚೂರನ್ನು ನಾಲಿಗೆಯ ತುದಿಗೆ ತಾಗಿಸಿ ಐದು ನಿಮಿಷ ಕಾಯಿರಿ. ಚುರುಚುರು ಎಂದರೆ ಉಗುಳಿ, ಉಳಿದದ್ದನ್ನು ಮತ್ತೆ ಕುದಿಸಿ. ಎರಡನೆಯ ಸಲವೂ ಕೆರೆದರೆ ಆ ಗಡ್ಡೆಯನ್ನು ಬಿಟ್ಟುಬಿಡುವುದೇ ಲೇಸು, ಏಕೆಂದರೆ ಕಾಡುಜಾತಿಯವು ತೀರ ಹೆಚ್ಚು ಕೆರೆಯುತ್ತವೆ. ಗಜೇಂದ್ರ ಎಂಬ ತಳಿಯಲ್ಲಿ ಕೆರೆತ ಬಹಳ ಕಡಿಮೆ. ಮಾರುವವರನ್ನು ಕೇಳಿ ಕೊಳ್ಳಿ.

ಮೂತ್ರಪಿಂಡದ ಕಲ್ಲು ಆದವರು ವೈದ್ಯರನ್ನು ಕೇಳದೆ ಇದನ್ನು ತಿನ್ನಬಾರದು. ಕುದಿಸಿ ನೀರು ಚೆಲ್ಲಿದರೆ ಕರಗುವ ಆಕ್ಸಲೇಟ್ ಮಾತ್ರ ಒಂದಿಷ್ಟು ಹೋಗುತ್ತದೆ, ಎಲ್ಲವೂ ಅಲ್ಲ. ಉಳಿದವರು ಮೊಸರು, ಮಜ್ಜಿಗೆಯ ಜೊತೆಗೇ ಉಣ್ಣಲಿ. ಅದರ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ.

ಮತ್ತೆ ಗಂಟಲು ಕೆರೆದರೆ ಬಾಯಿ ಮುಕ್ಕಳಿಸಿ, ತಣ್ಣನೆಯ ಮೊಸರನ್ನು ನಿಧಾನವಾಗಿ ನುಂಗಿ. ತುಟಿ, ನಾಲಿಗೆ ಬಾತರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಮನೆಮದ್ದಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.