ಮೀಮ್ ಸಾಲು: ಚಿತ್ರಕ್ಕೂ ಮಾತಿಗೂ ಎಷ್ಟು ಅಂತರ ಇರಬೇಕು?

"ಚಿತ್ರ ಒಂದು ಹೇಳ್ಬೇಕು, ಮಾತು ಇನ್ನೊಂದು ಹೇಳ್ಬೇಕು, ಆಗಲೇ ಮೀಮ್ ನಗು ತರಿಸೋದು ಅಂತಾರೆ. ನಾನು ಹಾಗೇ ಚಿತ್ರಕ್ಕೆ ಸಂಬಂಧವೇ ಇಲ್ಲದ ಸಾಲು ಹಾಕ್ತೀನಿ, ಯಾರೂ ನಗಲ್ಲ. ಎಲ್ಲಿ ತಪ್ತಿದೀನಿ?"

ಅರ್ಧ ದಾರಿ ಸರಿಯಾಗೇ ಬಂದಿದ್ದೀರಿ. ಚಿತ್ರಕ್ಕೂ ಮಾತಿಗೂ ಹೊಂದಿಕೆ ತಪ್ಪಬೇಕು ಅನ್ನೋದು ನಿಜ. ಆದರೆ ತಪ್ಪಿದ್ದು ಒಂದು ಕ್ಷಣ ಕಳೆದ ಮೇಲೆ ನೋಡುವವರ ತಲೆಯೊಳಗೇ ಮತ್ತೆ ಕೂಡಿಕೊಳ್ಳಬೇಕು. ಜೆರ್ರಿ ಸಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲಿ ಇದನ್ನು ಎರಡು ಹಂತವಾಗಿ ಬಿಡಿಸಿಟ್ಟರು. ಮೊದಲ ಹಂತದಲ್ಲಿ ನಾವು ಅಂದುಕೊಂಡದ್ದು ಬಿದ್ದುಹೋಗುತ್ತೆ. ಎರಡನೆಯದರಲ್ಲಿ, ಹಾಗೆ ಬಿದ್ದದ್ದಕ್ಕೆ ಒಂದು ಕಾರಣ ಕೈಗೆ ಸಿಗುತ್ತೆ. ನೀವು ಮೊದಲನೆಯದನ್ನು ಮಾಡಿ ನಿಲ್ಲಿಸುತ್ತಿದ್ದೀರಿ. ಕಾರಣ ಸಿಗದ ಓದುಗರು ನಗೋದಿಲ್ಲ, ಗೊಂದಲಗೊಂಡು ಮುಂದಕ್ಕೆ ಸರಿಸುತ್ತಾರೆ.

ಒಂದೇ ಚಿತ್ರ ಇಟ್ಟುಕೊಂಡು ನೋಡೋಣ. ಆಗಷ್ಟೇ ಸ್ನಾನ ಮಾಡಿಸಿದ ಬೆಕ್ಕು. ಹಳದಿ ಟವೆಲ್ ಸುತ್ತಿದ್ದಾರೆ, ಮುಖ ಮಾತ್ರ ಹೊರಗಿದೆ. ಕೂದಲು ಒದ್ದೆಯಾಗಿ ತಲೆಗೆ ಅಂಟಿ ಮುಖ ಅರ್ಧಕ್ಕರ್ಧ ಚಿಕ್ಕದಾಗಿದೆ, ಕಣ್ಣು ನೇರ ಕ್ಯಾಮೆರಾ ಕಡೆಗಿದೆ. ಟವೆಲ್ ಹಿಡಿದ ಮನುಷ್ಯನ ಕೈ ಚಿತ್ರದ ಕೆಳಭಾಗದಲ್ಲಿದೆ, ಆ ಕೈ ಮೇಲೆ ಕೆಂಪಗೆ ಮೂರು ಗೀರು.

ಇದಕ್ಕೆ ಹೆಚ್ಚಿನವರು ಮೊದಲು ಬರೆಯೋದು "ಸ್ನಾನ ಮಾಡಿಸಿದ್ದಕ್ಕೆ ಬೆಕ್ಕಿಗೆ ಕೋಪ ಬಂದಿದೆ" ಅಂತ. ಕಣ್ಣಿಗೆ ಕಂಡದ್ದನ್ನೇ ಮತ್ತೆ ಹೇಳಿದ ಹಾಗಾಯ್ತು. ಅಂತರವೇ ಇಲ್ಲ, ಹಾಗಾಗಿ ಓದುಗರಿಗೆ ಮಾಡಲು ಕೆಲಸವೂ ಇಲ್ಲ. ನಿಮ್ಮ ಪ್ರಶ್ನೆಯಲ್ಲಿರುವಂಥ ಸಾಲು ಇದಕ್ಕೆ ಪೂರ್ತಿ ಉಲ್ಟಾ: "ಇವತ್ತು ಬಸ್ಸು ತಡ ಅಂತೆ." ಅಂತರ ಬೇಕಾದಷ್ಟಿದೆ, ಆದರೆ ದಾಟಲು ಸೇತುವೆ ಇಲ್ಲ. ಚಿತ್ರದ ಯಾವ ಮೂಲೆ ಹುಡುಕಿದರೂ ಬಸ್ಸಿಗೆ ಉತ್ತರ ಸಿಗಲ್ಲ.

ಮೂರನೆಯದು "ಮೀಟಿಂಗ್ ಮುಗಿಸಿ ಬಂದ ನಾನು." ಇದು ಸ್ವಲ್ಪ ನಗಿಸುತ್ತೆ, ಅದಕ್ಕೇ ಇದರ ಬಗ್ಗೆ ಎಚ್ಚರ ಹೆಚ್ಚು ಬೇಕು. ಇದೇ ಸಾಲನ್ನು ಬಾಡಿದ ಗಿಡದ ಮೇಲೆ ಹಾಕಿ, ಮಳೆಯಲ್ಲಿ ನೆಂದ ನಾಯಿಯ ಮೇಲೆ ಹಾಕಿ, ಕೆಲಸ ಮಾಡುತ್ತೆ. ಎಲ್ಲೆಲ್ಲೂ ಹೊಂದುವ ಸಾಲಿಗೆ ಈ ಚಿತ್ರ ಬೇಕಾಗಿಯೇ ಇರಲಿಲ್ಲ ಎಂದರ್ಥ. ಅದು ಬೆಕ್ಕಿನ ಸಪ್ಪೆ ಮುಖವನ್ನಷ್ಟೇ ಬಳಸಿಕೊಂಡಿದೆ, ಗೀರುಗಳತ್ತ ತಿರುಗಿಯೂ ನೋಡಿಲ್ಲ.

ಈಗ ಇದನ್ನು ಓದಿ: "ನನ್ನ ಆಕ್ಷೇಪಣೆಯನ್ನು ಈಗಾಗಲೇ ಲಿಖಿತವಾಗಿ ಸಲ್ಲಿಸಿರುತ್ತೇನೆ."

ಮೊದಲ ಓದಿಗೆ ಒದ್ದೆ ಬೆಕ್ಕಿನ ಬಾಯಲ್ಲಿ ಕಚೇರಿ ಪತ್ರದ ಭಾಷೆ, ಹೊಂದಿಕೆ ತಪ್ಪಿತು. ಓದುಗರ ಕಣ್ಣು ಚಿತ್ರಕ್ಕೆ ಹಿಂದಿರುಗುತ್ತೆ, "ಲಿಖಿತ ಅಂದರೆ ಎಲ್ಲಿ?" ಅಂತ ಹುಡುಕುತ್ತೆ, ಕೈ ಮೇಲಿನ ಮೂರು ಗೀರು ಸಿಗುತ್ತೆ. ಬೆಕ್ಕು ನಿಜವಾಗಿಯೂ ಬರೆದುಕೊಟ್ಟಿದೆ. ನಗು ಬರೋದು ಆ ಹುಡುಕಾಟ ಮುಗಿಯುವ ಜಾಗದಲ್ಲಿ. ಸಾಲಿನ ಪ್ರತಿ ಮಾತೂ ಚಿತ್ರದ ಮಟ್ಟಿಗೆ ಸತ್ಯ ಅನ್ನೋದನ್ನು ಗಮನಿಸಿ. ಒಳ್ಳೆ ಮೀಮ್ ಸಾಲು ಸುಳ್ಳು ಹೇಳೋದಿಲ್ಲ, ಬೇರೆ ಲೋಕದ ಭಾಷೆಯಲ್ಲಿ ನಿಜ ಹೇಳುತ್ತೆ.

ಅಲ್ಲಿಗೆ ತಲುಪುವ ಕ್ರಮ ಹೀಗೆ. ಮೊದಲು ಚಿತ್ರದಲ್ಲಿ ಏನಿದೆ ಅಂತ ಒಂದು ವಾಕ್ಯದಲ್ಲಿ ಬರೆದುಕೊಳ್ಳಿ: "ಸ್ನಾನ ಮಾಡಿದ ಬೆಕ್ಕು ಟವೆಲಲ್ಲಿ ಕೋಪದಿಂದ ನೋಡುತ್ತಿದೆ." ಸ್ನಾನ, ಬೆಕ್ಕು, ಟವೆಲ್, ಕೋಪ, ಈ ನಾಲ್ಕೂ ಪದ ಇನ್ನು ನಿಮ್ಮ ಸಾಲಿಗೆ ನಿಷಿದ್ಧ, ಯಾಕಂದರೆ ಅವನ್ನು ಚಿತ್ರ ಆಗಲೇ ಹೇಳಿಬಿಟ್ಟಿದೆ. ಆಮೇಲೆ ಎರಡನೇ ನೋಟಕ್ಕೆ ಮಾತ್ರ ಕಾಣುವ ಒಂದು ವಿವರ ಹುಡುಕಿ. ಇಲ್ಲಿ ಅದು ಗೀರು. ಬೇರೆ ಚಿತ್ರದಲ್ಲಿ ಅದು ಹಿಂದೆ ನಿಂತವರ ಮುಖ ಇರಬಹುದು, ಕೈ ಇಟ್ಟುಕೊಂಡ ರೀತಿ ಇರಬಹುದು, ಅರ್ಧ ತೆರೆದ ಬಾಗಿಲು ಇರಬಹುದು. ಇದೇ ವಿವರ ಗಂಭೀರ ಸಂದರ್ಭದಲ್ಲಿ ಏನಾಗುತ್ತಿತ್ತು ಅಂತ ಕೇಳಿಕೊಳ್ಳಿ. ಗೀರು ಅಂದರೆ ಗುರುತು, ಗುರುತು ಅಂದರೆ ಬರಹ. ವಿರೋಧಿಸಿ ಬರೆದದ್ದಕ್ಕೆ ಏನಂತಾರೆ? ಲಿಖಿತ ಆಕ್ಷೇಪಣೆ. ಸಾಲಿನ ಧಾಟಿ ಅಲ್ಲಿಂದ ತಾನಾಗಿ ಬರುತ್ತೆ.

ಧಾಟಿಯ ವಿಷಯದಲ್ಲಿ ಕನ್ನಡಕ್ಕೆ ದೊಡ್ಡ ಅನುಕೂಲ ಇದೆ. ನಮ್ಮ ಆಡುಮಾತಿಗೂ ಬರಹದ ಭಾಷೆಗೂ ನಡುವೆ ದೂರ ಜಾಸ್ತಿ, ಹಾಗಾಗಿ ಒಂದು ಕ್ರಿಯಾಪದ ಬದಲಿಸಿದರೇ ಅಂತರ ಹುಟ್ಟುತ್ತೆ. "ಸಲ್ಲಿಸಿದ್ದೀನಿ" ಅಂದರೆ ಬೆಕ್ಕು ಮಾತಾಡಿದ ಹಾಗಿರುತ್ತೆ, "ಸಲ್ಲಿಸಿರುತ್ತೇನೆ" ಅಂದರೆ ಬೆಕ್ಕು ಅರ್ಜಿ ಗುಜರಾಯಿಸಿದ ಹಾಗಿರುತ್ತೆ. ಅದೇ ಸಂಗತಿಯನ್ನು "ಬೇಡ ಅಂತ ಮೊದ್ಲೇ ಪರಚಿ ಹೇಳಿದ್ದೆ" ಅಂತ ಬರೆದರೆ ಎರಡೂ ಕಡೆ ನಷ್ಟ: ಧಾಟಿ ಹೋಯಿತು, ಗೀರಿನ ಗುಟ್ಟೂ ಬಯಲಾಯಿತು. ಇದಕ್ಕೊಂದು ಮಿತಿಯೂ ಇದೆ. ಇಂಥ ಪತ್ರಗಳ ಭಾಷೆ ಓದಿ ಗೊತ್ತಿಲ್ಲದವರಿಗೆ ಇದು ಬರೀ ಕಷ್ಟದ ವಾಕ್ಯ. ನಿಮ್ಮ ಓದುಗರು ಯಾವ ಗಂಭೀರ ಭಾಷೆಯನ್ನು ದಿನಾ ಕೇಳುತ್ತಾರೋ ಅದನ್ನೇ ಆರಿಸಿ, ಅದು ಸುದ್ದಿ ಓದುವ ಧಾಟಿಯಾದರೂ ಸರಿ, ಹವಾಮಾನ ವರದಿಯಾದರೂ ಸರಿ.

ಈ ಧಾಟಿಯ ಆಟ ಎಷ್ಟು ದೂರ ಹೋಗಬಲ್ಲದು ಅನ್ನೋದಕ್ಕೆ ಫ್ರೆಂಚ್ ಚಿತ್ರಕಾರ ಜೋಸೆಫ್ ಡುಕ್ರೂ 1793ರ ಸುಮಾರಿಗೆ ಬರೆದುಕೊಂಡ ತನ್ನದೇ ಚಿತ್ರ ಸಾಕ್ಷಿ. ಟೋಪಿ ಹಾಕಿದ ಮನುಷ್ಯ ತುಟಿಯಂಚಲ್ಲಿ ನಗುತ್ತಾ ನೋಡುವವರತ್ತಲೇ ಬೆರಳು ತೋರಿಸುತ್ತಾನೆ. ಅಂತರ್ಜಾಲದವರು ಅದರ ಮೇಲೆ ಇಂದಿನ ರ‍್ಯಾಪ್ ಹಾಡಿನ ಸಾಲುಗಳನ್ನು ಹಳೇ ಕಾಲದ ಶಿಷ್ಟ ಇಂಗ್ಲಿಷಿಗೆ ತಿರುಗಿಸಿ ಹಾಕಿದರು. ಅದೇ ಕಾಲದ ಸಾವಿರ ಭಾವಚಿತ್ರಗಳಿದ್ದರೂ ಇದೇ ಯಾಕೆ ಓಡಿತು ಅಂದರೆ, ಆ ಬೆರಳು ತೋರಿಸುವ ಭಂಗಿ ರ‍್ಯಾಪ್ ಹಾಡುವವರ ಭಂಗಿಯೇ. ಸೇತುವೆ ಅದು. ಕೈ ಕಟ್ಟಿ ಸುಮ್ಮನೆ ಕೂತ ಭಾವಚಿತ್ರದ ಮೇಲೆ ಅದೇ ಸಾಲು ಹಾಕಿ ನೋಡಿ, ಅರ್ಧಕ್ಕರ್ಧ ಸತ್ವ ಇಳಿಯುತ್ತೆ.

ಮುಖದ ಬಗ್ಗೆ ಒಂದು ಮಾತು. ಬಾಯಿ ತೆರೆದು ಅಳುವ, ಕಿರುಚುವ ಮುಖಕ್ಕೆ ಸಾಲು ಬರೆಯೋದು ಕಷ್ಟ, ಯಾಕಂದರೆ ಭಾವ ಆಗಲೇ ತುಂಬಿಹೋಗಿದೆ. ಭಾವ ಸ್ಪಷ್ಟವಿಲ್ಲದ ಮುಖ ಆರಿಸಿ. ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಅವರ ಹೆಸರಿನಲ್ಲಿ ಉಳಿದಿರುವ ಹಳೆಯ ಪ್ರಯೋಗ ಹೇಳೋದು ಇದನ್ನೇ: ನಟನ ಒಂದೇ ನಿರ್ಭಾವ ಮುಖದ ಪಕ್ಕ ಊಟದ ಬಟ್ಟಲು ಇಟ್ಟರೆ ಜನ ಹಸಿವು ಕಾಣುತ್ತಾರೆ, ಶವಪೆಟ್ಟಿಗೆ ಇಟ್ಟರೆ ದುಃಖ ಕಾಣುತ್ತಾರೆ. ಮೀಮಿನಲ್ಲಿ ಆ ಬಟ್ಟಲಿನ ಕೆಲಸ ನಿಮ್ಮ ಸಾಲಿನದ್ದು. ನಮ್ಮ ಬೆಕ್ಕಿನ ಮುಖ ಹಲ್ಲು ಕಿಸಿದಿದ್ದರೆ "ಆಕ್ಷೇಪಣೆ" ತುಂಬಾ ಹತ್ತಿರ ಬಂದುಬಿಡುತ್ತಿತ್ತು. ಸುಮ್ಮನೆ ದಿಟ್ಟಿಸುತ್ತಿರೋದರಿಂದಲೇ ಅದು ಕಾನೂನು ಪ್ರಕಾರ ನಡೆಯುವ ಪ್ರಾಣಿಯಂತೆ ಕಾಣುತ್ತೆ.

ಪದಗಳ ಕ್ರಮಕ್ಕೂ ಬೆಲೆ ಇದೆ. ಬೀಗ ತೆರೆಯುವ ಪದ "ಲಿಖಿತವಾಗಿ". ಅದು ಕ್ರಿಯಾಪದದ ಹಿಂದಿನ ಜಾಗದಲ್ಲಿರಲಿ. "ಲಿಖಿತವಾಗಿ ನನ್ನ ಆಕ್ಷೇಪಣೆಯನ್ನು ಸಲ್ಲಿಸಿರುತ್ತೇನೆ" ಅಂದರೆ ಓದುಗರು ಬೇಗ ಗೀರಿನತ್ತ ಹೋಗಿ, ಇನ್ನೂ ಆಕ್ಷೇಪಣೆ ಅನ್ನುವ ಮಾತೇ ಬಾರದೆ ನಿಲ್ಲುತ್ತಾರೆ. ಸಾಲು ಎಂಟು ಪದ ದಾಟಿತೆಂದರೆ ಸಂಶಯಪಡಿ. ಕೊನೆಗೆ ಆಶ್ಚರ್ಯಸೂಚಕವಾಗಲಿ, ನಗುವ ಎಮೋಜಿಯಾಗಲಿ ಬೇಡ: ಇಡೀ ಸಾಲು ನಿಂತಿರೋದು ಗಂಭೀರ ಮುಖದ ಮೇಲೆ, ಬರೆದವರೇ ನಕ್ಕುಬಿಟ್ಟರೆ ಅದು ಕುಸಿಯುತ್ತೆ. ಗೀರಿನ ಸುತ್ತ ಕೆಂಪು ವೃತ್ತ ಎಳೆಯೋದೂ ಅದೇ ತಪ್ಪು, ಓದುಗರು ಹುಡುಕಬೇಕಾದ್ದನ್ನು ನೀವೇ ಹುಡುಕಿಕೊಟ್ಟ ಹಾಗೆ.

ಸಾಲು ಚೆನ್ನಾಗಿದ್ದೂ ಕೂರಿಸುವಾಗ ಕೆಡಬಹುದು. ಈ ಮೀಮಿನಲ್ಲಿ ಸಾಲು ಚಿತ್ರದ ಮೇಲ್ಗಡೆ ಬರಬೇಕು. ಓದಿದ ಕಣ್ಣು ಕೆಳಗಿಳಿದು ಮುಖ ದಾಟಿ ಕೊನೆಗೆ ಕೈಗೆ ತಲುಪುತ್ತೆ. ಸಾಲನ್ನು ಕೆಳಗಿಟ್ಟರೆ ಗೀರು ಮೊದಲೇ ಕಾಣಿಸಿ ಗುಟ್ಟು ಕಳೆದುಹೋಗುತ್ತೆ, ಇಲ್ಲವೇ ಅಕ್ಷರಗಳೇ ಗೀರಿನ ಮೇಲೆ ಕೂರುತ್ತವೆ. ಚಿತ್ರವನ್ನು ಚೌಕಾಕಾರಕ್ಕೆ ಕತ್ತರಿಸುವಾಗ ಕೈ ಉಳಿದಿದೆಯಾ ನೋಡಿ. ಎಷ್ಟೋ ಸಲ ಸೇತುವೆಯೇ ಕತ್ತರಿಗೆ ಸಿಕ್ಕಿ ಹೋಗಿರುತ್ತೆ, ಬರೆದವರಿಗೆ ಮಾತ್ರ ಅದು ನೆನಪಿನಲ್ಲಿ ಕಾಣುತ್ತಿರುತ್ತೆ.

ಹಳೇ ಮೀಮುಗಳ ಕಪ್ಪು ಅಂಚಿನ ದಪ್ಪ ಬಿಳಿ ಅಕ್ಷರ ಇಂಪ್ಯಾಕ್ಟ್ ಎಂಬ ಫಾಂಟಿನದು, ಅದರಲ್ಲಿ ಕನ್ನಡ ಅಕ್ಷರಗಳಿಲ್ಲ. ಅದನ್ನು ಆರಿಸಿ ಕನ್ನಡ ಟೈಪ್ ಮಾಡಿದರೆ ಬೇರಾವುದೋ ಫಾಂಟ್ ಬಂದು ಕೂರುತ್ತೆ, ಇಲ್ಲವೇ ಖಾಲಿ ಡಬ್ಬಗಳು ಬರುತ್ತವೆ. ದಪ್ಪ ಅಂಚು ಕೊಟ್ಟರೆ ನಮ್ಮ ಅಕ್ಷರಗಳ ಒಳಗಿನ ಸುರುಳಿ ತುಂಬಿಹೋಗಿ ಪ, ಷ ಒಂದೇ ಥರ ಕಾಣುತ್ತವೆ. ಚಿತ್ರದ ಮೇಲೆ ಬಿಳಿ ಪಟ್ಟಿ ಬಿಟ್ಟು ಅದರಲ್ಲಿ ಕಪ್ಪು ಅಕ್ಷರ ಇಡೋದು ಒಳ್ಳೆಯದು, ನೋಟೋ ಸಾನ್ಸ್ ಕನ್ನಡ ಸಾಕು. ಎರಡು ಸಾಲಾದರೆ ನಡುವೆ ಧಾರಾಳ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಗಲುತ್ತೆ.

ಹಾಕುವ ಮೊದಲು ಮೂರು ಸಲ ಪರೀಕ್ಷಿಸಿ. ಚಿತ್ರ ಮುಚ್ಚಿ ಸಾಲು ಮಾತ್ರ ಓದಿ: "ನನ್ನ ಆಕ್ಷೇಪಣೆಯನ್ನು ಈಗಾಗಲೇ ಲಿಖಿತವಾಗಿ ಸಲ್ಲಿಸಿರುತ್ತೇನೆ" ಅನ್ನೋದರಲ್ಲಿ ನಗುವಂಥದ್ದು ಏನೂ ಇಲ್ಲ, ಹಾಗೇ ಇರಬೇಕು. ಸಾಲು ಮುಚ್ಚಿ ಚಿತ್ರ ನೋಡಿ: ಮುದ್ದಾದ ಬೆಕ್ಕು, ಅಷ್ಟೇ. ಮೂರನೆಯದಾಗಿ ಸಾಲನ್ನು ಇನ್ನೊಂದು ಚಿತ್ರಕ್ಕೆ ಅಂಟಿಸಿ: ಸತ್ತುಹೋಗಬೇಕು. ಇಷ್ಟಾದ ಮೇಲೆ ಒಬ್ಬರಿಗೆ ಏನೂ ವಿವರಿಸದೆ ತೋರಿಸಿ, ಅವರ ಬಾಯಿ ನೋಡಬೇಡಿ, ಕಣ್ಣು ನೋಡಿ. ಓದಿದ ಮೇಲೆ ಕಣ್ಣು ಮತ್ತೆ ಚಿತ್ರಕ್ಕಿಳಿದು ಕೈ ಹತ್ತಿರ ನಿಂತರೆ ಸೇತುವೆ ಕೂತಿದೆ. ಸಾಲಿನ ಮೇಲೇ ಎರಡು ಸಲ ಓಡಾಡಿದರೆ ವಾಕ್ಯ ಕಷ್ಟವಾಗಿದೆ, ಬಿಡಿಸಿ ಬರೆಯಿರಿ. ಚಿತ್ರದಲ್ಲೆಲ್ಲ ಹುಡುಕಿ ನಿಮ್ಮ ಮುಖ ನೋಡಿದರೆ ಆ ವಿವರ ಇನ್ನೂ ಚಿಕ್ಕದಾಗಿದೆ, ಚಿತ್ರವನ್ನು ಹತ್ತಿರಕ್ಕೆ ತಂದು ಮತ್ತೆ ಕತ್ತರಿಸಿ.