ಡಿಆರ್‌ಸಿ-07 ಬಂದಿದೆ, ಒಟ್ಟಿಗೆ ಕಟ್ಟಲು ಹಣವಿಲ್ಲ: ಕಂತು ಕೇಳುವುದು ಹೇಗೆ?

ಪ್ರಶ್ನೆ: ನಾನು ಸಣ್ಣ ಸಿವಿಲ್ ಕಂಟ್ರಾಕ್ಟರ್. 2022-23ರಲ್ಲಿ ಸರ್ಕಾರಿ ರಸ್ತೆ ಕೆಲಸಕ್ಕೆ 12% ಜಿಎಸ್‌ಟಿ ಕಟ್ಟಿದ್ದೆ. 18% ಆಗಬೇಕಿತ್ತು, ಉಳಿದದ್ದು ಕಟ್ಟಿ ಅಂತ ಈಗ ಡಿಆರ್‌ಸಿ-07 ಆದೇಶ ಬಂದಿದೆ. ತೆರಿಗೆ 3 ಲಕ್ಷ, ಬಡ್ಡಿ 1.62 ಲಕ್ಷ, ದಂಡ 30 ಸಾವಿರ. ಆದೇಶ ಬಂದು ಒಂದು ತಿಂಗಳಾಯ್ತು. ಇಲಾಖೆಯಿಂದ ಬಿಲ್ ಹಣ ಇನ್ನೂ ಬಂದಿಲ್ಲ, ಕೈಯಲ್ಲಿ ಏನೂ ಇಲ್ಲ. ಕಂತಲ್ಲಿ ಕಟ್ಟೋಕೆ ಬಿಡ್ತಾರಾ?

ಉತ್ತರ:

ಬಿಡುತ್ತಾರೆ. ಆದರೆ ಅದು ನಿಮ್ಮ ಹಕ್ಕಲ್ಲ, ಕಮಿಷನರ್ ವಿವೇಚನೆಗೆ ಬಿಟ್ಟದ್ದು. ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 80 ಪ್ರಕಾರ ಗರಿಷ್ಠ 24 ಮಾಸಿಕ ಕಂತು ಕೊಡಬಹುದು. ನಾನು ಜಿಎಸ್‌ಟಿ ಕೆಲಸ ಮಾಡಿಕೊಂಡಿರುವವನು, ಇಂಥ ಅರ್ಜಿಗಳನ್ನು ಬರೆದುಕೊಟ್ಟಿದ್ದೇನೆ. ನಿಮ್ಮ ಕೇಸ್ ನೋಡಿದರೆ ಕಂತು ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ, ತಡ ಮಾಡದಿದ್ದರೆ.

ಮೊದಲು ತಡದ ಮಾತು. ಆದೇಶ ಕೈಸೇರಿದ ದಿನದಿಂದ ಮೂರು ತಿಂಗಳೊಳಗೆ ಹಣ ಕಟ್ಟಬೇಕು ಅಂತ ಸೆಕ್ಷನ್ 78 ಹೇಳುತ್ತದೆ. ಅದು ದಾಟಿದರೆ ವಸೂಲಿ ಶುರು ಮಾಡಬಹುದು. ಇನ್ನೊಂದು ಕಡೆ ನಿಯಮ 158 ಏನು ಹೇಳುತ್ತದೆ ಅಂದರೆ, ಬಾಕಿ ಉಳಿಸಿಕೊಂಡು ಅದರ ವಸೂಲಿ ನಡೆಯುತ್ತಿರುವವರಿಗೆ ಕಂತಿನ ಸೌಲಭ್ಯ ಇಲ್ಲ. ಎರಡನ್ನೂ ಸೇರಿಸಿ ಓದಿದರೆ ವಿಷಯ ಸ್ಪಷ್ಟ. ಕಂತು ಕೇಳುವ ಬಾಗಿಲು ತೆರೆದಿರುವುದು ವಸೂಲಿ ಶುರುವಾಗುವ ಮುಂಚೆ. ನಿಮಗೆ ಇನ್ನೂ ಎರಡು ತಿಂಗಳಿದೆ. ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ವಸೂಲಿ ತಾನಾಗಿ ನಿಲ್ಲುವುದಿಲ್ಲ, ಅದರ ಮೇಲೆ ಆದೇಶ ಬರಲು ಸಮಯ ಬೇಕು. ಹಾಗಾಗಿ ಕೊನೆಯ ವಾರಕ್ಕೆ ಇಡಬೇಡಿ, ಈ ತಿಂಗಳೇ ಹಾಕಿ.

ಕಂಟ್ರಾಕ್ಟರ್‌ಗಳಿಗೆ ವಸೂಲಿ ಅಂದರೆ ಬ್ಯಾಂಕ್ ಖಾತೆ ಅಷ್ಟೇ ಅಲ್ಲ. ನಿಮಗೆ ಯಾರು ಹಣ ಕೊಡಬೇಕೋ ಅವರಿಗೇ ಡಿಆರ್‌ಸಿ-13 ನೋಟಿಸ್ ಕಳಿಸಿ, ಆ ಹಣ ನಮಗೆ ಕಟ್ಟಿ ಅನ್ನಬಹುದು. ಅಂದರೆ ನೀವು ಕಾಯುತ್ತಿರುವ ಆ ಬಿಲ್ಲೇ ನಿಮ್ಮ ಕೈಗೆ ಬರುವ ಮುಂಚೆ ಹೋಗಬಹುದು. ಕೂಲಿ, ಡೀಸೆಲ್, ಸಿಮೆಂಟ್ ಬಾಕಿಗೆ ಏನೂ ಉಳಿಯುವುದಿಲ್ಲ.

ಇನ್ನೊಂದು ತೀರ್ಮಾನ ಈಗಲೇ ಆಗಬೇಕು. ಆದೇಶವನ್ನು ಒಪ್ಪುತ್ತೀರಾ, ಮೇಲ್ಮನವಿ ಹಾಕುತ್ತೀರಾ? ಮೇಲ್ಮನವಿಗೂ ಇದೇ ಮೂರು ತಿಂಗಳು. ವಿವಾದದ ತೆರಿಗೆಯ 10%, ಅಂದರೆ ಪೂರ್ತಿ 3 ಲಕ್ಷವನ್ನೂ ಪ್ರಶ್ನಿಸಿದರೆ 30,000 ರೂಪಾಯಿ, ಮುಂಚೆ ಕಟ್ಟಿದರೆ ಉಳಿದ ಮೊತ್ತದ ವಸೂಲಿ ತಡೆಯಲ್ಪಡುತ್ತದೆ. ಸರ್ಕಾರಿ ರಸ್ತೆ ಕೆಲಸಕ್ಕೆ 18 ಜುಲೈ 2022ರಿಂದ ದರ 12ರಿಂದ 18 ಆಯಿತು. ಆದೇಶದ ಲೆಕ್ಕದಲ್ಲಿ ಆ ದಿನಕ್ಕಿಂತ ಹಿಂದಿನ ಬಿಲ್‌ಗಳು ಸೇರಿಕೊಂಡಿವೆಯಾ ಅಂತ ಒಂದೊಂದಾಗಿ ನೋಡಿ. ಸೇರಿದ್ದರೆ ಅದು ಮೇಲ್ಮನವಿಯ ವಿಷಯ, ಕಂತಿನದಲ್ಲ. ಲೆಕ್ಕ ಸರಿಯಿದೆ ಅನ್ನುವುದಾದರೆ ಮಾತ್ರ ಮುಂದೆ ಓದಿ.

ಕಂತಿಗೆ ನೀವು ಅರ್ಹರಾ? ಮೊತ್ತ 25,000ಕ್ಕಿಂತ ಕಡಿಮೆ ಇರಬಾರದು, ಅದು ಸರಿ. ಹಿಂದಿನ ಹಣಕಾಸು ವರ್ಷದಲ್ಲಿ ಕಂತು ಕೇಳಿ ನಿರಾಕರಣೆ ಆಗಿರಬಾರದು. ಇವೆರಡಕ್ಕಿಂತ ಮುಖ್ಯವಾದದ್ದು, ಜನ ಎಡವುವುದು, ಮೂರನೆಯದರಲ್ಲಿ: ನೀವೇ ರಿಟರ್ನ್‌ನಲ್ಲಿ ತೋರಿಸಿದ ತೆರಿಗೆಗೆ ಸೆಕ್ಷನ್ 80 ಅನ್ವಯಿಸುವುದಿಲ್ಲ. ಜಿಎಸ್‌ಟಿಆರ್-1ರಲ್ಲಿ ಬಿಲ್ ತೋರಿಸಿ 3ಬಿಯಲ್ಲಿ ಕಟ್ಟದೆ ಬಿಟ್ಟಿದ್ದರೆ ಅದೂ ಸ್ವಯಂ ಘೋಷಿತ ತೆರಿಗೆಯೇ, ಅದಕ್ಕೆ ಕಂತು ಸಿಗುವುದಿಲ್ಲ. ನಿಮ್ಮದು ಹಾಗಲ್ಲ. ನೀವು 12% ತೋರಿಸಿದಿರಿ, ಕಟ್ಟಿದಿರಿ. ಉಳಿದ 6% ಅಧಿಕಾರಿ ನಿರ್ಧರಿಸಿದ್ದು. ಈ ಒಂದು ಸಾಲನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ, ಆಮೇಲೆ ಆಕ್ಷೇಪ ಬರಲು ಜಾಗ ಇರುವುದಿಲ್ಲ.

ಅರ್ಜಿಯ ಹೆಸರು ಡಿಆರ್‌ಸಿ-20. ಪೋರ್ಟಲ್‌ನಲ್ಲಿ Services > User Services > My Applications ಒಳಗೆ ಹೋಗಿ, Application for Deferred Payment/Payment in Instalments ಆರಿಸಿ. ಯಾವ ಡಿಮ್ಯಾಂಡ್, ಎಷ್ಟು ಕಂತು, ಯಾಕೆ ಅನ್ನುವುದನ್ನು ಅಲ್ಲಿ ತುಂಬಿ ದಾಖಲೆ ಸೇರಿಸಬೇಕು. ತುಂಬುವುದು ಸುಲಭ. ಫಲಿತಾಂಶ ನಿಂತಿರುವುದು ಜೊತೆಗಿಡುವ ಕಾಗದಗಳ ಮೇಲೆ.

ಯಾಕೆ ಅಂದರೆ, ಅರ್ಜಿ ಬಂದ ಮೇಲೆ ಕಮಿಷನರ್ ನಿಮ್ಮ ವ್ಯಾಪ್ತಿಯ ಅಧಿಕಾರಿಯಿಂದ ಒಂದು ವರದಿ ಕೇಳಲೇಬೇಕು: ಇವರಿಗೆ ಕಟ್ಟುವ ಆರ್ಥಿಕ ಶಕ್ತಿ ಇದೆಯಾ? ಆ ವರದಿ ಎರಡು ರೀತಿಯಲ್ಲಿ ನಿಮಗೆ ವಿರುದ್ಧ ಆಗಬಹುದು. ಖಾತೆಯಲ್ಲಿ ದುಡ್ಡಿದೆ ಅಂತ ಕಂಡರೆ ಕಂತು ಯಾಕೆ ಅನ್ನುತ್ತಾರೆ. ಏನೂ ಇಲ್ಲ, ಮುಂದೆಯೂ ಬರುವ ಸೂಚನೆ ಇಲ್ಲ ಅಂತ ಕಂಡರೆ ಕಂತು ಕೊಟ್ಟು ಪ್ರಯೋಜನವಿಲ್ಲ ಅನ್ನುತ್ತಾರೆ. ನೀವು ತೋರಿಸಬೇಕಾದದ್ದು ಇವೆರಡರ ಮಧ್ಯದ ಸ್ಥಿತಿ: ಇವತ್ತು ಒಟ್ಟಿಗೆ ಆಗದು, ತಿಂಗಳು ತಿಂಗಳು ಆಗುತ್ತದೆ. ನನ್ನ ಹತ್ತಿರ ಬಂದ ಒಬ್ಬರು ಮೊದಲು ತಾವೇ ಅರ್ಜಿ ಹಾಕಿದ್ದರು. "ವ್ಯವಹಾರ ನಷ್ಟದಲ್ಲಿದೆ, ದಯವಿಟ್ಟು ಕರುಣೆ ತೋರಿಸಿ" ಅಂತಷ್ಟೇ ಬರೆದಿದ್ದರು. ಅದು ತಿರಸ್ಕೃತವಾಯಿತು. ನಿಜ ಹೇಳಿದ್ದರೂ ಅಧಿಕಾರಿಗೆ ವರದಿ ಬರೆಯಲು ಅದರಲ್ಲಿ ಏನೂ ಇರಲಿಲ್ಲ.

ನಿಮ್ಮ ವಿಷಯದಲ್ಲಿ ಹೀಗೆ ಮಾಡಿ. ಬರಬೇಕಾದ ಬಿಲ್‌ಗಳ ಪಟ್ಟಿ ಮಾಡಿ: ಕೆಲಸದ ಹೆಸರು, ಅಳತೆ ಪುಸ್ತಕದಲ್ಲಿ ನಮೂದಾದ ದಿನ, ಬಿಲ್ ಮೊತ್ತ, ಈಗ ಯಾವ ಹಂತದಲ್ಲಿದೆ. ಸಾಧ್ಯವಾದರೆ ಇಲಾಖೆಯ ಎಂಜಿನಿಯರ್ ಕಚೇರಿಯಿಂದ ಬಿಲ್ ಬಾಕಿ ಇದೆ ಅಂತ ಒಂದು ಪತ್ರ ತೆಗೆದುಕೊಳ್ಳಿ. ತಾತ್ಕಾಲಿಕ ತೊಂದರೆ ಅನ್ನುವ ಮಾತಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ, ಬ್ಯಾಂಕ್ ಸಾಲದ ಕಂತು ಎಷ್ಟು ಹೋಗುತ್ತಿದೆ ಅಂತ ಗುರುತು ಹಾಕಿ. ಮುಂದಿನ ತಿಂಗಳುಗಳಲ್ಲಿ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ ಅನ್ನುವ ಒಂದು ಪುಟದ ಲೆಕ್ಕ ಇಡಿ. ಆ ಉಳಿಯುವ ಮೊತ್ತ ನೀವು ಕೇಳುವ ಕಂತಿಗಿಂತ ಸ್ವಲ್ಪ ಜಾಸ್ತಿ ಇರಲಿ. ಹಿಂದಿನ ರಿಟರ್ನ್‌ಗಳೆಲ್ಲ ಸಲ್ಲಿಕೆ ಆಗಿರಲಿ.

ಈಗ ಎಷ್ಟು ಕಂತು ಕೇಳಬೇಕು? 24 ಸಿಗಬಹುದು ಅಂತ 24 ಕೇಳಬೇಡಿ. ನಿಮ್ಮ ಒಟ್ಟು ಮೊತ್ತ 4,92,000. 12 ಕಂತಾದರೆ ತಿಂಗಳಿಗೆ 41,000. ಅದರಲ್ಲಿ ತೆರಿಗೆ 25,000, ಹಳೆಯ ಬಡ್ಡಿ 13,500, ದಂಡ 2,500. ಕಂತು ಕೊಟ್ಟರೂ ಸೆಕ್ಷನ್ 50ರ ಬಡ್ಡಿ ನಿಲ್ಲುವುದಿಲ್ಲ, ಉಳಿದ ತೆರಿಗೆಯ ಮೇಲೆ ವರ್ಷಕ್ಕೆ 18%, ಅಂದರೆ ತಿಂಗಳಿಗೆ ಒಂದೂವರೆ ಪರ್ಸೆಂಟ್. ಬಡ್ಡಿ ತೆರಿಗೆಯ ಮೇಲೆ ಮಾತ್ರ, ಹಳೆಯ ಬಡ್ಡಿ ಮತ್ತು ದಂಡದ ಮೇಲಲ್ಲ. ತಿಂಗಳಿಗೆ 25,000 ತೆರಿಗೆ ಇಳಿಯುತ್ತಾ ಹೋದರೆ 12 ತಿಂಗಳಿಗೆ ಹೊಸ ಬಡ್ಡಿ ಸುಮಾರು 29,250 ಆಗುತ್ತದೆ. ಅದನ್ನೇ 24 ತಿಂಗಳು ಎಳೆದರೆ 56,250. ಆರೇ ತಿಂಗಳಲ್ಲಿ ಮುಗಿಸಿದರೆ 15,750. ಮಧ್ಯದ 12 ನಿಮಗೆ ಸರಿಹೊಂದಬಹುದು ಅಂತ ನನಗನ್ನಿಸುತ್ತದೆ, ಆದರೆ ನಿಮ್ಮ ತಿಂಗಳ ಉಳಿಕೆ ನೋಡಿ ತೀರ್ಮಾನಿಸಿ. ಈ ಹೊಸ ಬಡ್ಡಿಯನ್ನೂ ಲೆಕ್ಕದ ಪುಟದಲ್ಲಿ ಸೇರಿಸಿ, ಅದು ಕಂತಿನ ಮೇಲೆ ಹೆಚ್ಚುವರಿ.

ಕೈಯಲ್ಲಿ ಏನೂ ಇಲ್ಲ ಅಂದಿರಿ. ಪೋರ್ಟಲ್‌ನಲ್ಲಿ ಒಮ್ಮೆ ನೋಡಿ, ಇರಬಹುದು. ಸರ್ಕಾರಿ ಇಲಾಖೆ ನಿಮಗೆ ಪಾವತಿ ಮಾಡುವಾಗ ಜಿಎಸ್‌ಟಿ ಟಿಡಿಎಸ್ ಅಂತ 2% ಹಿಡಿಯುತ್ತದೆ ಅಲ್ವಾ, 2.5 ಲಕ್ಷ ದಾಟಿದ ಕಾಂಟ್ರಾಕ್ಟ್‌ಗಳಿಗೆ. ಅದನ್ನು TDS and TCS credit received ಒಳಗೆ ಒಪ್ಪಿಕೊಂಡರೆ ಕ್ಯಾಶ್ ಲೆಡ್ಜರ್‌ಗೆ ಬಂದು ಸೇರುತ್ತದೆ. ಕೆಲವು ಕಂಟ್ರಾಕ್ಟರ್‌ಗಳು ಅದನ್ನು ಒಪ್ಪಿಕೊಳ್ಳದೆ ತಿಂಗಳುಗಟ್ಟಲೆ ಬಿಟ್ಟಿರುತ್ತಾರೆ. ಆ ಹಣದಿಂದ ತೆರಿಗೆ, ಬಡ್ಡಿ, ದಂಡ ಮೂರನ್ನೂ ಕಟ್ಟಬಹುದು. ಕ್ರೆಡಿಟ್ ಲೆಡ್ಜರ್‌ನಲ್ಲಿ ಇನ್‌ಪುಟ್ ಇದ್ದರೆ ಅದನ್ನು 3 ಲಕ್ಷ ತೆರಿಗೆಗೆ ಬಳಸಬಹುದು. ಬಡ್ಡಿ, ದಂಡಕ್ಕೆ ಮಾತ್ರ ಆಗುವುದಿಲ್ಲ. ಸ್ವಲ್ಪವಾದರೂ ಈಗಲೇ ಕಟ್ಟಿ, ಉಳಿದದ್ದಕ್ಕೆ ಕಂತು ಕೇಳಿದರೆ ಅರ್ಜಿಯ ತೂಕವೇ ಬೇರೆ. ಬಡ್ಡಿಯೂ ಅಷ್ಟರಮಟ್ಟಿಗೆ ಇಳಿಯುತ್ತದೆ.

ಜೊತೆಗೇ ಇಲಾಖೆಗೆ ಒಂದು ಪತ್ರ ಕೊಡಿ, ದರ ಬದಲಾದ್ದರಿಂದ ಬಂದ 6% ವ್ಯತ್ಯಾಸ ಕೊಡಿ ಅಂತ. ಸಿಗುತ್ತದೋ ಇಲ್ಲವೋ ಅನ್ನುವುದು ನಿಮ್ಮ ಟೆಂಡರ್ ಕರಾರಿನ ಮೇಲೆ ಹೋಗುತ್ತದೆ. ಆದರೆ ಸ್ವೀಕೃತಿ ಇರುವ ಆ ಪತ್ರದ ಪ್ರತಿಯನ್ನೂ ಅರ್ಜಿಗೆ ಸೇರಿಸಿ.

ಒಪ್ಪಿಗೆಯಾದರೆ ಡಿಆರ್‌ಸಿ-21ರಲ್ಲಿ ಆದೇಶ ಬರುತ್ತದೆ. ಕೇಳಿದ್ದಕ್ಕಿಂತ ಕಡಿಮೆ ಕಂತು ಕೊಟ್ಟಿರಬಹುದು, ದಿನಾಂಕಗಳನ್ನು ಆದೇಶದಿಂದಲೇ ಬರೆದಿಟ್ಟುಕೊಳ್ಳಿ. ಇಲ್ಲಿಂದ ಮುಂದೆ ಕಾನೂನು ತುಂಬಾ ಬಿಗಿ. ಒಂದೇ ಒಂದು ಕಂತು ದಿನಕ್ಕೆ ಸರಿಯಾಗಿ ಕಟ್ಟದಿದ್ದರೂ ಉಳಿದದ್ದೆಲ್ಲ ಆ ಕ್ಷಣಕ್ಕೇ ಬಾಕಿಯಾಗುತ್ತದೆ, ಇನ್ನೊಂದು ನೋಟಿಸ್ ಇಲ್ಲದೆ ವಸೂಲಿ ಮಾಡಬಹುದು. ಅದಕ್ಕೇ ತಿಂಗಳಿಗೆ 41,000 ಕಷ್ಟ ಅನ್ನಿಸಿದರೆ ಅರ್ಜಿ ಹಾಕುವಾಗಲೇ 15 ಕಂತು ಕೇಳಿ. ಆಮೇಲೆ ಬದಲಿಸಿಕೊಳ್ಳೋಣ ಅಂದುಕೊಳ್ಳಬೇಡಿ.

ಕಟ್ಟುವ ರೀತಿಯಲ್ಲೂ ಒಂದು ಎಚ್ಚರ ಬೇಕು. ಚಲನ್ ಮೂಲಕ ಹಣ ಹಾಕಿದರೆ ಅದು ಕ್ಯಾಶ್ ಲೆಡ್ಜರ್‌ನಲ್ಲಿ ಕೂರುತ್ತದೆ ಅಷ್ಟೇ, ಕಂತು ಕಟ್ಟಿದಂತಾಗುವುದಿಲ್ಲ. Payment towards Demand ಒಳಗೆ ಹೋಗಿ, ನಿಮ್ಮ ಡಿಮ್ಯಾಂಡ್ ಐಡಿ ಆರಿಸಿ, ಅದಕ್ಕೆ ಹೊಂದಿಸಬೇಕು. ಸ್ವಯಂ ಪಾವತಿಗೆ ಇರುವ ಡಿಆರ್‌ಸಿ-03ರಲ್ಲಿ ಕಟ್ಟಬೇಡಿ. ಹಣ ಹೋಗಿರುತ್ತದೆ, ಡಿಮ್ಯಾಂಡ್ ಮಾತ್ರ ಪೂರ್ತಿ ಬಾಕಿ ಅಂತಲೇ ತೋರಿಸುತ್ತಿರುತ್ತದೆ. ಈಗಾಗಲೇ ಹಾಗೆ ಕಟ್ಟಿದ್ದರೆ ಡಿಆರ್‌ಸಿ-03ಎ ಹಾಕಿ ಆ ಡಿಮ್ಯಾಂಡ್‌ಗೆ ಜೋಡಿಸಿ. ಪ್ರತಿ ಕಂತಿನ ನಂತರ ಲೈಬಿಲಿಟಿ ರಿಜಿಸ್ಟರ್‌ನಲ್ಲಿ ಬಾಕಿ ಇಳಿದಿದೆಯಾ ನೋಡಿ, ಆ ಪುಟದ ಪ್ರತಿಯನ್ನು ವ್ಯಾಪ್ತಿಯ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಕಂತು ನಡೆಯುತ್ತಿರುವಾಗ ಪ್ರತಿ ತಿಂಗಳ 3ಬಿ ತೆರಿಗೆಯನ್ನೂ ಪೂರ್ತಿ ಕಟ್ಟಬೇಕು, ಅದಕ್ಕೆ ಕಂತಿಲ್ಲ. ನಿಮ್ಮ ಲೆಕ್ಕದ ಪುಟದಲ್ಲಿ ಅದಕ್ಕೆ ಜಾಗ ಬಿಟ್ಟಿದ್ದೀರಾ ನೋಡಿಕೊಳ್ಳಿ. ಮಧ್ಯದಲ್ಲಿ ಆ ದೊಡ್ಡ ಬಿಲ್ ಬಂದುಬಿಟ್ಟರೆ ಉಳಿದ ತೆರಿಗೆಯ ಭಾಗವನ್ನು ಮೊದಲು ತೀರಿಸಿ, ಬಡ್ಡಿ ಓಡುವುದು ಅದರ ಮೇಲೇ.

ಆದೇಶದಲ್ಲಿ ಬಿಲ್‌ವಾರು ಪಟ್ಟಿ ಇದ್ದರೆ, ಹೆಸರು, ನಂಬರ್ ತೆಗೆದು ದಿನಾಂಕ ಮತ್ತು ಮೊತ್ತ ಮಾತ್ರ ಇಲ್ಲಿ ಹಾಕಿ. ಜುಲೈ 18ಕ್ಕೆ ಮುಂಚಿನವು ಅದರಲ್ಲಿ ಎಷ್ಟಿವೆ ಅಂತ ನೋಡಿ ಹೇಳುತ್ತೇನೆ.