ಡೆಂಗ್ಯೂ ವಾಸಿಯಾಯಿತು, ಮುಟ್ಟು ಇನ್ನೂ ಸರಿಹೋಗಿಲ್ಲ

ಪ್ರಶ್ನೆ: ನನಗೆ 27 ವರ್ಷ. ವಿಜಯನಗರದಲ್ಲಿ ಅಪ್ಪ ಅಮ್ಮನ ಜೊತೆ ಇದ್ದೇನೆ. ಜೂನ್ 28ಕ್ಕೆ ಮುಟ್ಟಾಗಿದ್ದೆ. ಜುಲೈ 8ಕ್ಕೆ ಡೆಂಗ್ಯೂ ಜ್ವರ ಬಂತು, ಆಸ್ಪತ್ರೆಯಲ್ಲಿದ್ದು 15ಕ್ಕೆ ಮನೆಗೆ ಬಂದೆ. ಐದು ಕೆಜಿ ಇಳಿದಿದ್ದೇನೆ. ಯಾವಾಗಲೂ 29 ದಿನಕ್ಕೆ ಆಗುವ ಮುಟ್ಟು ಆಗಸ್ಟ್ 19ಕ್ಕೆ ಆಯಿತು, ಏಳು ದಿನ ತುಂಬಾ ಹೋಯಿತು. ಈಗ ಮತ್ತೆ 35 ದಿನವಾದರೂ ಆಗಿಲ್ಲ. ನವೆಂಬರ್‌ನಲ್ಲಿ ಮದುವೆ. ಗರ್ಭಕೋಶಕ್ಕೆ ಏನೋ ಆಗಿದೆ, ಮೆಡಿಕಲ್ ಶಾಪ್‌ನಿಂದ ಮುಟ್ಟು ಬರಿಸುವ ಮಾತ್ರೆ ತರುತ್ತೇನೆ, ಹುಡುಗನ ಮನೆಯವರಿಗೆ ಹೇಳಬೇಡ ಎನ್ನುತ್ತಾರೆ ಅಮ್ಮ. ಏನು ಮಾಡಲಿ?

ಉತ್ತರ: ನೀವು ತಾರೀಖು ಬರೆದಿಟ್ಟಿದ್ದು ತುಂಬಾ ಒಳ್ಳೆಯದಾಯಿತು. ನಿಮ್ಮ ಭಯಕ್ಕೆ ಉತ್ತರ ಅದರಲ್ಲೇ ಇದೆ.

ಅಂಡಾಶಯದಿಂದ ಅಂಡ ಹೊರಬಂದ ಮೇಲೆ ಸುಮಾರು 14 ದಿನಕ್ಕೆ ಮುಟ್ಟಾಗುತ್ತದೆ. ಈ ಅವಧಿ ಹೆಚ್ಚು ಏರುಪೇರಾಗುವುದಿಲ್ಲ. ಏರುಪೇರಾಗುವುದು ಅದಕ್ಕಿಂತ ಮುಂಚಿನ ಅವಧಿ, ಅಂದರೆ ಅಂಡ ಬೆಳೆಯುವ ದಿನಗಳು. ನಿಮಗೆ ಜ್ವರ ಬಂದದ್ದು ಮುಟ್ಟಿನ 11ನೇ ದಿನ. ಇನ್ನು ನಾಲ್ಕೈದು ದಿನದಲ್ಲಿ ಅಂಡ ಬರಬೇಕಿತ್ತು, ಅಷ್ಟರಲ್ಲಿ ಮೈ ಸುಡುವ ಜ್ವರ. ಅಂಡ ಬೆಳೆಯಲು ಸೂಚನೆ ಹೋಗುವುದು ಮೆದುಳಿನ ಹೈಪೋಥಲಾಮಸ್ ಎಂಬ ಭಾಗದಿಂದ. ಮೈಗೆ ದೊಡ್ಡ ಕಾಯಿಲೆ ಬಂದಾಗ, ಊಟ ಸೇರದೆ ತೂಕ ಇಳಿದಾಗ, ಅದು ಈ ಸೂಚನೆಯನ್ನು ಕಡಿಮೆ ಮಾಡುತ್ತದೆ. ಗರ್ಭ ನಿಲ್ಲಲು ಇದು ಸರಿಯಾದ ಸಮಯವಲ್ಲ ಅಂತ ಮೈಯೇ ತಡೆದ ಹಾಗೆ.

ಈಗ ಆಗಸ್ಟ್ 19ರಿಂದ 14 ದಿನ ಹಿಂದಕ್ಕೆ ಎಣಿಸಿ. ಆಗಸ್ಟ್ 5 ಬರುತ್ತದೆ. ಅಂದರೆ ಆಸ್ಪತ್ರೆಯಿಂದ ಬಂದು ಮೂರು ವಾರಕ್ಕೆ ಅಂಡ ಬಂದಿರಬೇಕು. ಮುಟ್ಟು ತಡವಾದದ್ದು ಅದಕ್ಕೇ. ಅಷ್ಟು ದಿನವೂ ಗರ್ಭಕೋಶದ ಒಳಪದರ ಬೆಳೆಯುತ್ತಲೇ ಇರುತ್ತದೆ, ದಪ್ಪವಾದ ಪದರ ಕಳಚಿದಾಗ ಜಾಸ್ತಿ ಹೋಗುತ್ತದೆ. ಗರ್ಭಕೋಶ ಕೆಟ್ಟಿದೆ ಎನ್ನುವುದಕ್ಕೆ ಇದರಲ್ಲಿ ಏನೂ ಇಲ್ಲ ಅಂತ ಅಮ್ಮನಿಗೆ ಹೇಳಿ. ಇದೇ ಜ್ವರ ಅಂಡ ಬಂದ ಮೇಲೆ ಬಂದಿದ್ದರೆ ಆ ತಿಂಗಳ ಮುಟ್ಟು ಹೆಚ್ಚುಕಡಿಮೆ ಸಮಯಕ್ಕೇ ಆಗಿ, ಮುಂದಿನದು ಏರುಪೇರಾಗುತ್ತಿತ್ತು. ಅಪೆಂಡಿಕ್ಸ್‌ನಂಥ ದೊಡ್ಡ ಆಪರೇಷನ್ ಆದವರಲ್ಲೂ ಹೀಗೇ.

ಎಷ್ಟು ದಿನ ಹೀಗೆ? ಹೆಚ್ಚಿನವರಿಗೆ ಒಂದರಿಂದ ಮೂರು ಮುಟ್ಟಿನೊಳಗೆ ಸರಿಹೋಗುತ್ತದೆ. ತೂಕ ಜಾಸ್ತಿ ಇಳಿದವರಿಗೆ ಅದು ಮರಳುವವರೆಗೂ ಎಳೆಯಬಹುದು. ನಿಮ್ಮದು ಎರಡನೆಯ ಸುತ್ತು. ದೊಡ್ಡವರಲ್ಲಿ 24ರಿಂದ 38 ದಿನದ ಅಂತರ ಸಹಜ, ಹಾಗಾಗಿ 35 ದಿನಕ್ಕೆ ಗಾಬರಿ ಬೇಡ. ಮೂರು ಹೊತ್ತು ಹೊಟ್ಟೆ ತುಂಬ ಊಟ ಮಾಡಿ. ಮದುವೆಗೆ ಸಣ್ಣಗಿರಬೇಕು ಅಂತ ಈಗ ಡಯಟ್ ಮಾಡಲೇಬೇಡಿ, ಇದನ್ನು ಕಳಕಳಿಯಿಂದ ಹೇಳುತ್ತಿದ್ದೇನೆ. ಜ್ವರವಾಗಿ ಎರಡು ಮೂರು ತಿಂಗಳಿಗೆ ಕೂದಲು ಉದುರುವುದೂ ಉಂಟು, ಅದಕ್ಕೂ ಹೆದರಬೇಡಿ.

ಮಾತ್ರೆ ಮಾತ್ರ ಸುಮ್ನೆ ತರಿಸಬೇಡಿ. ಅದನ್ನು ನಿಲ್ಲಿಸಿದಾಗ ರಕ್ತ ಹೋಗುತ್ತದೆ ನಿಜ, ಆದರೆ ಅದರಿಂದ ಅಂಡ ಬರುವುದು ಸರಿಹೋಯಿತು ಎಂದಾಗುವುದಿಲ್ಲ. ನಿಮ್ಮ ಲೆಕ್ಕವೂ ಕಲಸಿಹೋಗುತ್ತದೆ. ಮದುವೆ ದಿನ ಮುಟ್ಟಾಗಬಹುದು ಎಂಬ ಚಿಂತೆ ಇದ್ದರೆ ಅಕ್ಟೋಬರ್‌ನಲ್ಲೇ ಡಾಕ್ಟರನ್ನು ಕಂಡು ಮುಂದೂಡುವ ಮಾತ್ರೆ ಬಗ್ಗೆ ಕೇಳಿ. ಗರ್ಭ ನಿಂತಿರುವ ಸಾಧ್ಯತೆ ಒಂದಿಷ್ಟು ಇದ್ದರೂ ಮೊದಲು ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ಇದನ್ನು ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ, ಯಾವ ಡಾಕ್ಟರಾದರೂ ಮೊದಲು ಕೇಳುವುದು ಇದನ್ನೇ.

ಆಗಸ್ಟ್ 19ರಿಂದ ಮೂರು ತಿಂಗಳಾದರೂ ಮುಟ್ಟಾಗದಿದ್ದರೆ, ಅಥವಾ ಮೂರು ಸುತ್ತು ಕಳೆದರೂ ಏರುಪೇರು ನಿಲ್ಲದಿದ್ದರೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಪರೀಕ್ಷೆ ಮಾಡಿಸುತ್ತಾರೆ. ಹೋದ ಸಲ ಅಷ್ಟು ರಕ್ತ ಹೋಗಿರುವುದರಿಂದ ಹಿಮೋಗ್ಲೋಬಿನ್ ಮಾತ್ರ ಈ ವಾರವೇ ನೋಡಿಸಿ. ಗಂಟೆಗೊಂದು ಪ್ಯಾಡ್ ತೊಯ್ದು ಎರಡು ಗಂಟೆಗೂ ನಿಲ್ಲದಿದ್ದರೆ, ತಲೆ ತಿರುಗಿದರೆ, ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಹುಡುಗನ ಮನೆಯವರಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಹೇಳಲೇಬೇಕಾದ ರೋಗ ಇದಲ್ಲ, ಮುಚ್ಚಿಡುವ ತಪ್ಪೂ ಅಲ್ಲ. ನಾನಾಗಿದ್ದರೆ ಹುಡುಗನಿಗೆ ಒಂದು ಮಾತು ಹೇಳುತ್ತಿದ್ದೆ: ಡೆಂಗ್ಯೂ ಆದಮೇಲೆ ಇನ್ನೂ ಸುಧಾರಿಸಿಕೊಳ್ಳುತ್ತಿದ್ದೇನೆ, ಮದುವೆ ಓಡಾಟ ಸ್ವಲ್ಪ ಕಡಿಮೆ ಮಾಡೋಣ ಅಂತ.